ಅಮ್ಮ ಕ್ಯಾಲೆಂಡರ್‌ನಲ್ಲಿ ಬರೆದಿಡುವ ‘ಇಲ್ಲ’ಗಳು

ಬಾಬಿನ್_ಮಗಳು:

ಹನುಮಂತನಗರದಲ್ಲಿ ನಮ್ಮಮ್ಮನದು ಮ್ಯಾಚಿಂಗ್ ಸೆಂಟರ್. ಹತ್ತಡಿ ಅಗಲದ ಅಂಗಡಿ. ಲೈನಿಂಗ್, ಬ್ಲೌಸ್ ಪೀಸ್, ಫಾಲ್ಸ್, ದಾರ, ಹುಕ್ಕು, ಲೇಸು, ಇಷ್ಟೇ. ನಾನು ಬಿ.ಕಾಂ ಎರಡನೇ ವರ್ಷ. ಕಾಲೇಜಿನಲ್ಲಿ ‘ಒಂದು ಹೊಸ ಬಿಸಿನೆಸ್ ಐಡಿಯಾ ತನ್ನಿ’ ಅಂದಿದ್ದಾರೆ. ಕಳೆದ ಭಾನುವಾರ ಅಂಗಡಿಯಲ್ಲೇ ಕೂತು ಏನೇನೋ ಬರೆಯುತ್ತಿದ್ದೆ, ಹೊಡೆದು ಹಾಕುತ್ತಿದ್ದೆ. ಅಮ್ಮ ಲೈನಿಂಗ್ ಥಾನು ಸುತ್ತುತ್ತಾ ಐದು ನಿಮಿಷ ಮಾತಾಡಿದರು. ನೆನಪಿದ್ದಷ್ಟು ಹಾಗೇ ಬರೆಯುತ್ತೇನೆ.

“ಪುಟ್ಟಿ, ಎಷ್ಟೊತ್ತು ಹಾಗೆ ಸೂರು ನೋಡ್ತಾ ಕೂತಿರ್ತೀಯ? ಬಾಗಿಲ ಕಡೆ ನೋಡು. ತಗೊಂಡು ಹೋದೋರ ಲೆಕ್ಕ ಗಲ್ಲಾದಲ್ಲಿ ಇರತ್ತೆ. ಬರಿಗೈಲಿ ವಾಪಸ್ ಹೋದೋರ ಲೆಕ್ಕ ಎಲ್ಲಿರತ್ತೆ ಹೇಳು? ‘ಇಲ್ಲಮ್ಮ’ ಅಂತೀವಿ, ಅವ್ರು ಮೆಟ್ಟಿಲು ಇಳೀತಾರೆ, ಮುಗೀತು. ನಮಗೂ ಮರೆತು ಹೋಗತ್ತೆ. ಅದಕ್ಕೇ ನಾನು ಬರೆದಿಡೋದು. ಆದ್ರೆ ಬರೆದ್ರೆ ಸಾಲ್ದು ಕಣೇ. ಅವ್ರು ಕೇಳೋದು ಸಾಮಾನಿನ ಹೆಸರು. ಅವರ ಕಷ್ಟ ಬೇರೆ ಏನೋ ಇರತ್ತೆ. ‘ಯಾರಿಗಮ್ಮ, ಯಾತಕ್ಕೆ’ ಅಂತ ಒಂದು ಮಾತು ಕೇಳ್ಬೇಕು. ಕೇಳ್ದೆ ಮಾಮೂಲ್‌ಪೇಟೆಗೆ ಓಡಿದ್ರೆ ಆ ಹಸಿರು ಸ್ಯಾಟಿನ್ ಥರ ಆಗತ್ತೆ.”

ಆಮೇಲೆ ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೋರಿಸಿದರು. ಹಾಲಿನ ಲೆಕ್ಕ ಅಂದುಕೊಂಡಿದ್ದೆ. ಅಲ್ಲ. ತಾರೀಖಿನ ಮನೆಗಳಲ್ಲಿ ಪೆನ್ಸಿಲ್‌ನಲ್ಲಿ ‘ಇಲ್ಲ’ ಅಂದ ಸಾಮಾನುಗಳು! “ದೊ.ಹು” ಅಂತ ಅಲ್ಲೊಂದು ಇಲ್ಲೊಂದು. ಅಂದರೆ ದೊಡ್ಡ ಹುಕ್ಕು. ಎರಡು ತಿಂಗಳಲ್ಲಿ ಹನ್ನೊಂದು ಸಲ.

ಅದರ ಕತೆ ನನಗೆ ಗೊತ್ತಿರಲಿಲ್ಲ. ನಾಲ್ಕನೇ ಸಲ ಕೇಳಿದವರು ಎಪ್ಪತ್ತು ದಾಟಿದ ಒಬ್ಬ ಅಜ್ಜಿಯಂತೆ. ಅಮ್ಮ “ಯಾರಿಗಮ್ಮ?” ಎಂದರು. ಅಜ್ಜಿ ಮಾತಾಡದೆ ಬಲಗೈ ಕೌಂಟರ್ ಮೇಲಿಟ್ಟರು. ಹೆಬ್ಬೆರಳ ಬುಡ ಗಂಟಿನ ಹಾಗೆ ಊದಿತ್ತು. “ಸೊಸೆ ಏಳೂವರೆಗೆ ಆಫೀಸಿಗೆ ಹೊರಡ್ತಾಳೆ. ಅಷ್ಟರೊಳಗೆ ಸ್ನಾನ ಮಾಡಿ ಹುಕ್ಕು ಹಾಕಿಸ್ಕೋಬೇಕು. ಚಳಿಗಾಲದಲ್ಲಿ ಆರು ಗಂಟೆಗೆ ತಲೆ ಮೇಲೆ ನೀರು ಹುಯ್ಕೊಳ್ಳೋದು ನಂಗಾಗಲ್ಲಮ್ಮ” ಎಂದರಂತೆ.

ಅಜ್ಜಿ ಕೇಳಿದ್ದು ದೊಡ್ಡ ಹುಕ್ಕು. ಬೇಕಾಗಿದ್ದದ್ದು ಹತ್ತು ಗಂಟೆಯ ಸ್ನಾನ.

ಅಮ್ಮ ಈಗ ಅದಕ್ಕೊಂದು ದಾರಿ ಮಾಡಿದ್ದಾರೆ, ಕೆಳಗೆ ಹೇಳುತ್ತೇನೆ. ನನ್ನ ಪ್ರಶ್ನೆ ಇಷ್ಟೆ. ಇಂಥ ಹತ್ತಾರು ‘ಇಲ್ಲ’ಗಳಲ್ಲಿ ಯಾವುದರ ಹಿಂದೆ ಹೋಗಬೇಕು ಅಂತ ನೀವು ಹೇಗೆ ತೀರ್ಮಾನ ಮಾಡುತ್ತೀರಿ? ಅಂಗಡಿ ಇಟ್ಟಿರುವವರು ಹೇಳಿ.

ಎಂಟನೇಕ್ರಾಸ್:

ತುಂಬಾ ಸಿಂಪಲ್. ಜಾಸ್ತಿ ಜನ ಕೇಳಿದ್ದನ್ನು ತಂದಿಡಿ. ಗಿರಾಕಿ ಕೇಳಿದ್ದೇ ಐಡಿಯಾ. ನಮ್ಮ ಬೆಂಗಳೂರಿನ ಐಡಿ ಫ್ರೆಶ್ ನೋಡಿ. ಜನ ದೋಸೆ ಹಿಟ್ಟು ಕೇಳುತ್ತಿದ್ದರು, ಅಂಗಡಿಗಳಲ್ಲಿ ಇರಲಿಲ್ಲ, ಅವರು ಮಾಡಿ ಕೊಟ್ಟರು, ಬೆಳೆದರು.

ರುಬ್ಬುಗುಂಡು:

ಎಂಟನೇಕ್ರಾಸ್, ಅರ್ಧ ಸರಿ. ಹಿಟ್ಟು ಇರಲಿಲ್ಲ ಅನ್ನುವುದು ತಪ್ಪು. 2005ರಲ್ಲಿ ಮುಸ್ತಫಾ ಮತ್ತು ಅವರ ಕಸಿನ್‌ಗಳು ಶುರು ಮಾಡುವ ಮೊದಲೇ ಅಂಗಡಿಗಳಲ್ಲಿ ಹಿಟ್ಟು ಸಿಗುತ್ತಿತ್ತು. ಪ್ಲಾಸ್ಟಿಕ್ ಕವರ್‌ಗೆ ತುಂಬಿ ರಬ್ಬರ್ ಬ್ಯಾಂಡ್ ಹಾಕಿ ಮಾರುತ್ತಿದ್ದರು. ಅಂಗಡಿಯಲ್ಲಿದ್ದ ಕಸಿನ್ ಕಿವಿಗೆ ಬಿದ್ದದ್ದು ಆ ಹಿಟ್ಟಿನ ಬಗ್ಗೆ ಜನರ ದೂರು. ‘ಹಿಟ್ಟು ಇದೆಯಾ’ ಅಂತ ಕೇಳಿದವರನ್ನು ಮಾತ್ರ ಲೆಕ್ಕ ಹಾಕಿದ್ದರೆ ‘ಇದೆಯಲ್ಲ, ತಗೊಳ್ಳಿ’ ಅಂತ ಸುಮ್ಮನಾಗುತ್ತಿದ್ದರು.

ಅಂದರೆ ನಿಮ್ಮಮ್ಮನ ಕ್ಯಾಲೆಂಡರಿಗೆ ಇನ್ನೊಂದು ಗುರುತು ಬೇಕು. ‘ಇಲ್ಲ’ ಅಂದದ್ದಕ್ಕೆ ಒಂದು. ಕೊಂಡುಕೊಂಡು ಹೋಗಿ ಮತ್ತೆ ಬಂದು ಗೊಣಗಿದ್ದಕ್ಕೆ ಒಂದು. ಎರಡನೆಯದು ಬರೆದಿಡೋದು ಕಷ್ಟ, ಯಾಕೆಂದರೆ ಆ ಹೊತ್ತಿಗೆ ನಮಗೂ ಸಿಟ್ಟು ಬಂದಿರುತ್ತೆ.

ಬಾಬಿನ್_ಮಗಳು:

ಎಂಟನೇಕ್ರಾಸ್ ಅವರೇ, ಜಾಸ್ತಿ ಜನ ಕೇಳಿದ್ದನ್ನೇ ತಂದು ಅಮ್ಮ ಕೈ ಸುಟ್ಟುಕೊಂಡಿದ್ದು. ಅದೇ ಹಸಿರು ಸ್ಯಾಟಿನ್. ಎರಡು ವರ್ಷದ ಹಿಂದೆ ಮೂರು ದಿನದಲ್ಲಿ ಹದಿನಾಲ್ಕು ಜನ ಗಿಳಿಹಸಿರು ಸ್ಯಾಟಿನ್ ಕೇಳಿದರು. ಅಮ್ಮ ಮರುದಿನವೇ ನ್ಯಾಷನಲ್ ಕಾಲೇಜ್ ಸ್ಟೇಷನ್‌ನಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಗೆ ಹೋಗಿ ಎರಡು ಥಾನು ತಂದರು. ಆಮೇಲೆ ಒಂದು ಮೀಟರೂ ಹೋಗಲಿಲ್ಲ. ಹತ್ತಿರದ ಶಾಲೆಯಲ್ಲಿ ಆ್ಯನುಯಲ್ ಡೇ. ಒಂದು ಕ್ಲಾಸಿನ ಮಕ್ಕಳಿಗೆ ಗಿಳಿ ವೇಷ. ಹದಿನಾಲ್ಕು ಜನ ಕೇಳಿದರು, ಬೇಕಾಗಿದ್ದದ್ದು ಒಬ್ಬ ಟೀಚರಿಗೆ. ಅವರಿಗೂ ಅಷ್ಟರಲ್ಲಿ ಬೇರೆ ಕಡೆ ಸಿಕ್ಕಿತ್ತು. ಆ ಸ್ಯಾಟಿನ್ ಈಗಲೂ ಮೇಲಿನ ಅಟ್ಟದಲ್ಲಿದೆ. ನನ್ನ ದಿಂಬಿನ ಕವರೂ ಅದೇ.

ಅದಕ್ಕೇ ಅಮ್ಮ ಆಗಿನಿಂದ ಕ್ಯಾಲೆಂಡರ್‌ನಲ್ಲಿ ಬರೆಯೋದು, ಪುಸ್ತಕದಲ್ಲಿ ಅಲ್ಲ. ಪುಸ್ತಕದಲ್ಲಿ ಹದಿನಾಲ್ಕು ಗೀಟು ಒಂದೇ ಥರ ಕಾಣುತ್ತೆ. ಕ್ಯಾಲೆಂಡರ್‌ನಲ್ಲಾದರೆ ಎಲ್ಲ ಒಂದೇ ಸಾಲಿನಲ್ಲಿ ಗುಂಪಾಗಿದೆಯಾ, ತಿಂಗಳಿಡೀ ಚೆಲ್ಲಿದೆಯಾ ಅಂತ ದೂರದಿಂದಲೇ ಗೊತ್ತಾಗುತ್ತೆ. ‘ದೊ.ಹು’ ಚೆಲ್ಲಿತ್ತು.

ರಾಮಾಗ್ರೀನ್_ರಾಧೆ:

ಹಾಯ್, ನಿಮ್ಮ ಅಂಗಡಿಯಲ್ಲಿ ರಾಮಾ ಗ್ರೀನ್ ಲೈನಿಂಗ್ ಸಿಗುತ್ತಾ? ಸೀರೆಗೆ ಕುಚ್ಚು ಹಾಕಿಸಬೇಕು, ನೀವೇ ಹಾಕಿಸಿ ಕೊಡ್ತೀರಾ? ರೇಟ್ ಹೇಳಿ.

ಬಾಬಿನ್_ಮಗಳು:

ರಾಧೆ ಅವರೇ, ಇದು ಅಂಗಡಿ ಜಾಹೀರಾತು ಅಲ್ಲ 😄 ಲೈನಿಂಗ್ ಇದೆ. ಆದರೆ ರಾಮಾ ಗ್ರೀನ್ ಅಂತ ನಾಲ್ಕು ಶೇಡ್ ಇವೆ. ಸೀರೆ ತಂದು ಹೊರಗಿನ ಬಿಸಿಲಲ್ಲಿ ಹಿಡಿದು ನೋಡಬೇಕು. ಟ್ಯೂಬ್‌ಲೈಟಲ್ಲಿ ನೋಡಿ ತಗೊಂಡರೆ ನಾಳೆ ವಾಪಸ್ ತರ್ತೀರ.

ಗಲ್ಲಾಪೆಟ್ಟಿಗೆ:

ನಾನು ಮೂವತ್ತು ವರ್ಷ ಮೆಡಿಕಲ್ ಶಾಪ್ ನಡೆಸಿದವನು. ಮಗಳ ಪ್ರಶ್ನೆಗೆ ನೇರ ಉತ್ತರ ಅಲ್ಲ, ಆದರೂ ಹೇಳುತ್ತೇನೆ. ನಮ್ಮಲ್ಲಿ ಜನ ಐದು ಮಾತ್ರೆ, ನಾಲ್ಕು ಮಾತ್ರೆ ಅಂತ ಕೇಳುತ್ತಾರೆ. ಸ್ಟ್ರಿಪ್ ಕತ್ತರಿಸಿ ಕೊಡುತ್ತಿದ್ದೆವು. ಹೆಸರು, ಎಕ್ಸ್‌ಪೈರಿ ತಾರೀಖು ಒಂದು ತುಂಡಿನಲ್ಲಿ ಉಳಿಯುತ್ತೆ, ಇನ್ನೊಂದು ತುಂಡು ಬರೀ ಬೆಳ್ಳಿ ಹಾಳೆ. ತಿಂಗಳು ಬಿಟ್ಟು ವಯಸ್ಸಾದವರು ಅದೇ ತುಂಡು ಹಿಡಿದುಕೊಂಡು ಬಂದು “ಇದು ಯಾವುದಕ್ಕಪ್ಪ?” ಅಂತ ಕೇಳುತ್ತಿದ್ದರು. ನಾನು ವರ್ಷಗಟ್ಟಲೆ ಇದನ್ನು ಕಿರಿಕಿರಿ ಅಂದುಕೊಂಡಿದ್ದೆ. ಒಂದು ದಿನ ನನ್ನ ಹೆಂಡತಿ “ದಿನಕ್ಕೆ ಮೂರು ಜನ ಕೇಳ್ತಾರೆ, ಒಂದು ಕವರಿಗೆ ಹಾಕಿ ಮೇಲೆ ಕನ್ನಡದಲ್ಲಿ ಬರೆದುಕೊಡಿ” ಎಂದಳು. ಹೆಸರು, ತಾರೀಖು, ಬೆಳಗ್ಗೆನಾ ರಾತ್ರಿನಾ, ಊಟಕ್ಕೆ ಮೊದಲಾ ಆಮೇಲಾ. ಅಷ್ಟೇ.

ಲಾಭ ಅಂತ ಒಂದು ಪೈಸೆ ಹೇಳಕ್ಕಾಗಲ್ಲ. ಕವರಿನ ಖರ್ಚು ಮೇಲೆ. ಆದರೆ ಎದುರಿಗೆ ದೊಡ್ಡ ಅಂಗಡಿ ಡಿಸ್ಕೌಂಟ್ ಬೋರ್ಡ್ ಹಾಕಿದಾಗಲೂ ಆ ಮುದುಕರು ಕದಲಲಿಲ್ಲ. ನಮಗೆ ಕಿರಿಕಿರಿ ಆಗೋ ಪ್ರಶ್ನೆಯನ್ನೇ ಮೊದಲು ಬರೆದಿಡಿ ಅಂತ ನನ್ನ ಮಾತು.

ಸರ್ಚ್‌ಬಾಕ್ಸ್:

ನಾನು ಆನ್‌ಲೈನ್ ಮಾರಾಟದ ಒಂದು ಕಂಪನಿಯಲ್ಲಿ ಸರ್ಚ್ ತಂಡದಲ್ಲಿದ್ದೇನೆ. ಜನ ಹುಡುಕಿ ಏನೂ ಸಿಗದೆ ಹೋದ ಪದಗಳನ್ನೆಲ್ಲ ನಾವು ದಿನಾ ತೆಗೆದು ನೋಡುತ್ತೇವೆ. ಝೀರೋ ರಿಸಲ್ಟ್ ಪಟ್ಟಿ ಅಂತೀವಿ. ನಿಮ್ಮಮ್ಮನ ಕ್ಯಾಲೆಂಡರ್ ಅದೇ. ನೋಡಿ ನಗು ಬಂತು, ಹೊಟ್ಟೆಕಿಚ್ಚೂ ಆಯಿತು. ನಮ್ಮ ಪಟ್ಟಿಯಲ್ಲಿ ‘ದೊಡ್ಡ ಹುಕ್’ ಅಂತ ಇದ್ದರೆ ನಾವು ದೊಡ್ಡ ಹುಕ್ಕು ಮಾರುವವರನ್ನು ಹುಡುಕುತ್ತೇವೆ. ಕೌಂಟರ್ ಮೇಲೆ ಇಟ್ಟ ಕೈ ನಮಗೆ ಕಾಣಲ್ಲ.

ಇನ್ನೊಂದು. ನಮ್ಮಲ್ಲೂ ಹಸಿರು ಸ್ಯಾಟಿನ್ ಇದೆ. ಅದಕ್ಕೇ ‘ಎಷ್ಟು ಸಲ’ ಅನ್ನೋದಕ್ಕಿಂತ ‘ಎಷ್ಟು ಬೇರೆ ಬೇರೆ ಜನ, ಎಷ್ಟು ಬೇರೆ ಬೇರೆ ವಾರ’ ಅನ್ನೋದನ್ನು ನೋಡುತ್ತೇವೆ. ಒಬ್ಬರೇ ಹತ್ತು ಸಲ ಹುಡುಕಿದರೆ ಒಂದೇ ಲೆಕ್ಕ.

ಸರಿ, ಆ ಹುಕ್ಕಿಗೆ ಅಮ್ಮ ಮಾಡಿದ್ದೇನು? ಅಲ್ಲೇ ನಿಲ್ಲಿಸಿದ್ರಲ್ಲ.

ಬಾಬಿನ್_ಮಗಳು:

ಹೇಳ್ತೀನಿ. ಒಂದೇ ಸಲಕ್ಕೆ ಆದದ್ದಲ್ಲ.

ಮೊದಲು ಅಜ್ಜಿ ಕೇಳಿದ್ದನ್ನೇ ಕೊಟ್ಟರು, ಒಂದು ಸೈಜ್ ದೊಡ್ಡ ಹುಕ್ಕು. ಉಪಯೋಗ ಆಗಲಿಲ್ಲ. ಹುಕ್ಕು ದೊಡ್ಡದಾದರೂ ಎದುರಿನ ಪಟ್ಟಿಯಲ್ಲಿ ದಾರದ ಕಾಜಾ ಅಷ್ಟೇ ಇರುತ್ತಲ್ಲ. ಕೈಗೆ ಅದು ತಗುಲುವುದೇ ಇಲ್ಲ. ಕನ್ನಡಿಯಲ್ಲಿ ನೋಡಿಕೊಂಡು ಹಾಕೋಣ ಅಂದರೆ ಅಜ್ಜಿಗೆ ಕನ್ನಡಕ ಬೇಕು.

ಆಮೇಲೆ ವೆಲ್ಕ್ರೋ. ಹಾಕೋದು ಸುಲಭವಾಯಿತು. ಆದರೆ ಅದರ ಗಡುಸು ಭಾಗ ಸೆರಗಿನ ನೂಲು ಎಳೆಯಿತು. ನಾಲ್ಕು ಸಲ ಒಗೆದ ಮೇಲೆ ಒಳಗೆ ಹತ್ತಿ ಎಳೆ ತುಂಬಿಕೊಂಡು ಹಿಡಿತ ಹೋಯಿತು. ದೇವಸ್ಥಾನದಲ್ಲಿ ಬಗ್ಗಿ ನಮಸ್ಕಾರ ಮಾಡುವಾಗ ಪರ್ ಅಂತ ಸದ್ದು ಬಂತು ಅಂತ ಅಜ್ಜಿಯೇ ನಗುತ್ತಾ ಹೇಳಿದರಂತೆ.

ಮೂರನೆಯದು ಟಿಚ್ ಬಟನ್. ಇದರಲ್ಲಿ ಅಮ್ಮನಿಗೆ ನಿಜವಾದ ವಿಷಯ ಗೊತ್ತಾಯಿತು. ಟಿಚ್ ಬಟನ್ ಕೂರಬೇಕಾದರೆ ಹೆಬ್ಬೆರಳು, ತೋರುಬೆರಳು ಸೇರಿಸಿ ಅದುಮಬೇಕು. ಅಜ್ಜಿಗೆ ನೋವಿರೋದೇ ಅಲ್ಲಿ. ಹುಕ್ಕಿಗೂ ಅದೇ, ಚಿಮಟದ ಹಾಗೆ ಹಿಡಿಯಬೇಕು. ಅಂದರೆ ಸೈಜಿನ ಮಾತೇ ಅಲ್ಲ. ಅದುಮದೆ, ಚಿಮುಟದೆ ಹಾಕುವಂಥದ್ದು ಬೇಕು.

ಅಂಥದ್ದು ಅಂಗಡಿಯಲ್ಲೇ ಇತ್ತು. ಪ್ಯಾಂಟಿನ ಸೊಂಟಕ್ಕೆ ಹಾಕುವ ಚಪ್ಪಟೆ ಹುಕ್ಕು, ಎದುರಿಗೆ ಅಡ್ಡ ಪಟ್ಟಿ. ಅಂಗೈಯಿಂದ ಎರಡು ಕಡೆ ಹತ್ತಿರ ತಂದು ಸರಿಸಿದರೆ ಜಾರಿ ಕೂರುತ್ತೆ. ನೋಡಬೇಕಾಗಿಲ್ಲ, ಟಕ್ ಅನ್ನೋದು ಕೈಗೇ ಗೊತ್ತಾಗುತ್ತೆ. ಆರು ಹುಕ್ಕಿನ ಜಾಗದಲ್ಲಿ ಮೂರು ಸಾಕು. ಮಧ್ಯದಲ್ಲಿ ಬಾಯಿ ಬಿಡದ ಹಾಗೆ ಒಳಪಟ್ಟಿ ಒಂದು ಇಂಚು ಅಗಲ ಮಾಡಬೇಕು. ತೆಳು ಕಾಟನ್‌ಗೆ ಸುಮ್ನೆ ಹೊಲಿದರೆ ಬಟ್ಟೆಯೇ ಕಿತ್ತು ಬರುತ್ತೆ, ಹಿಂದೆ ಕ್ಯಾನ್ವಾಸ್ ಕೊಡಲೇಬೇಕು.

ತುಕ್ಕಿನ ಭಯ ಇತ್ತು. ಮೂರು ಅಂಗಡಿಯ ಹುಕ್ಕು ತಂದು ಉಪ್ಪು ನೀರಿನ ಲೋಟಗಳಲ್ಲಿ ರಾತ್ರಿಯಿಡೀ ಹಾಕಿಟ್ಟರು. ಬೆಳಗ್ಗೆ ಒಂದು ಲೋಟದ ತಳ ಕಂದು ಬಣ್ಣ. ಅದನ್ನು ಬಿಟ್ಟರು. ಆ ಲೋಟದಲ್ಲಿ ಅಪ್ಪ ಕಾಫಿ ಕುಡಿಯಲು ಹೋಗಿದ್ದು ಬೇರೆ ಕತೆ.

ಕಾಜಾಪಟ್ಟಿ:

ನಾನು ಟೈಲರ್. ಇಪ್ಪತ್ತೆರಡು ವರ್ಷದಿಂದ ಬ್ಲೌಸ್ ಹೊಲೀತೀನಿ. ಸ್ವಲ್ಪ ತಕರಾರಿದೆ ತಂಗಿ. ಪ್ಯಾಂಟ್ ಹುಕ್ಕು ದಪ್ಪ. ಬ್ಲೌಸಿನ ಮುಂದೆ ಉಬ್ಬಿ ಕಾಣುತ್ತೆ. ಬಿಗಿ ಫಿಟ್ಟಿಂಗ್‌ಗೆ ಹಾಕಿದರೆ ಎದೆ ಹತ್ತಿರ ಒತ್ತುತ್ತೆ. ಮುಂದೆ ಜಿಪ್ ಹಾಕಿ ತುದಿಗೆ ಉಂಗುರ ಕೊಟ್ಟರೆ ಆಗಲ್ವಾ? ನಾನು ಹಾಗೆ ಮಾಡಿ ಕೊಟ್ಟಿದ್ದೇನೆ.

ಬಾಬಿನ್_ಮಗಳು:

ಅಣ್ಣ, ಜಿಪ್ ಒಬ್ಬರಿಗೆ ಮಾಡಿಸಿದ್ದರು. ಎಳೆಯೋದು ಸುಲಭ. ಆದರೆ ಪೂರ್ತಿ ಬಿಚ್ಚುವ ಜಿಪ್‌ನಲ್ಲಿ ಕೆಳಗೆ ಪಿನ್ನನ್ನು ಆ ಪುಟ್ಟ ಡಬ್ಬಿಯೊಳಗೆ ಸೇರಿಸಬೇಕಲ್ಲ, ಅಲ್ಲೇ ಸಿಕ್ಕಿಹಾಕಿಕೊಂಡರು. ನೀವು ಹೇಗೆ ಮಾಡಿದಿರಿ? ಉಬ್ಬುವ ಮಾತು ನಿಜ. ನಮ್ಮ ಪಕ್ಕದ ಟೈಲರ್ ಅಣ್ಣನದ್ದೂ ಅದೇ ದೂರು, ‘ನನ್ನ ಹೊಲಿಗೆ ಮರ್ಯಾದೆ ಹೋಗತ್ತೆ’ ಅಂತಾರೆ. ಅಜ್ಜಿಯರು ‘ಸೆರಗಿನ ಒಳಗೆ ಯಾರು ನೋಡ್ತಾರೆ’ ಅಂತಾರೆ.

ಕಾಜಾಪಟ್ಟಿ:

ಬಿಚ್ಚುವ ಜಿಪ್ ಅಲ್ಲ. ಕೆಳಗೆ ಮುಚ್ಚಿರುವ ಜಿಪ್. ತಲೆ ಮೇಲಿಂದ ಹಾಕಿಕೊಳ್ಳಬೇಕು. ಹಾಂ, ಭುಜ ಎತ್ತಕ್ಕಾಗದವರಿಗೆ ಅದೂ ಆಗಲ್ಲ, ಒಪ್ಪಿದೆ.

ಲೆಕ್ಕದವ:

ಕತೆ ಚೆನ್ನಾಗಿದೆ. ಆದರೆ ಇದು ಬಿಸಿನೆಸ್ಸಾ? ಒಂದು ಬ್ಲೌಸಿಗೆ ಎಷ್ಟು ತಗೋತೀರಿ, ಎಷ್ಟು ಉಳಿಯುತ್ತೆ, ಅಮ್ಮನ ಸಮಯಕ್ಕೆ ಬೆಲೆ ಹಾಕಿದ್ದೀರಾ? ಹನ್ನೊಂದು ಜನ ಕೇಳಿದರು ಅಂದರೆ ಹನ್ನೊಂದು ಜನ ದುಡ್ಡು ಕೊಟ್ಟರು ಅಂತಲ್ಲ.

ಬಾಬಿನ್_ಮಗಳು:

ಒಂದು ಬ್ಲೌಸಿಗೆ 80 ರೂಪಾಯಿ. ಟೈಲರ್ ಅಣ್ಣನಿಗೆ 50. ಹುಕ್ಕು, ಕ್ಯಾನ್ವಾಸ್, ಪಟ್ಟಿಯ ಬಟ್ಟೆ ಸೇರಿ 15. ಅಮ್ಮನಿಗೆ 15 ಉಳಿಯುತ್ತೆ. ಅಮ್ಮ ಮೊದಲು ಸುಮ್ನೆ ಹುಕ್ಕು ಸ್ಟಾಕ್ ಮಾಡಲಿಲ್ಲ. ಕ್ಯಾಲೆಂಡರ್‌ನಲ್ಲಿದ್ದ ಹನ್ನೊಂದರಲ್ಲಿ ಮುಖ ಗುರುತಿದ್ದವರು ಏಳು. ಅವರಿಗೆ ಹೇಳಿ ಕಳಿಸಿ, ‘ಒಂದೇ ಒಂದು ಹಳೇ ಬ್ಲೌಸ್ ಕೊಡಿ, 20 ರೂಪಾಯಿ ಅಡ್ವಾನ್ಸ್ ಕೊಡಿ, ಹಿಡಿಸದಿದ್ದರೆ ಹಳೇ ಹುಕ್ಕೇ ಹಾಕಿಸಿ ಕೊಡ್ತೀನಿ’ ಎಂದರು. ಐದು ಜನ ಕೊಟ್ಟರು. ಇಬ್ಬರು ‘ನೋಡೋಣ’ ಅಂದವರು ಬರಲೇ ಇಲ್ಲ. ಐದರಲ್ಲಿ ನಾಲ್ಕು ಜನ ಆಮೇಲೆ ಉಳಿದ ಬ್ಲೌಸುಗಳನ್ನೂ ತಂದರು. ಒಟ್ಟು ಇಪ್ಪತ್ತಾರು. ಐದನೆಯವರಿಗೆ ಒತ್ತುತ್ತೆ ಅಂತ ತೆಗೆಸಿಕೊಂಡರು.

ಲೆಕ್ಕದವ:

ಮೊದಲಿನ ಐದೂ ಇಪ್ಪತ್ತಾರೂ ಸೇರಿ ಮೂವತ್ತೊಂದು. ಒಂದನ್ನು ಬಿಚ್ಚಿದ್ದೀರಿ, ಮೂವತ್ತಕ್ಕೆ 450 ರೂಪಾಯಿ. ಬಿಚ್ಚಿದ್ದರಲ್ಲಿ ಟೈಲರ್ ಕೂಲಿ ನಷ್ಟ. ಮೆಟ್ರೋ ಚಾರ್ಜು, ಉಪ್ಪು ನೀರಿನ ಹುಕ್ಕು ಕಳೆದರೆ ಇನ್ನೂ ಕಡಿಮೆ. ಒಂದು ಬ್ಲೌಸಿನ ಮೇಲೆ ‘ಹಾಂ’ ಅಂದವರು ಎಲ್ಲ ಬ್ಲೌಸನ್ನೂ ತಂದರು ಅನ್ನೋದು ಮಾತ್ರ ಒಳ್ಳೆ ಗುರುತು. ಬಾಯಲ್ಲಿ ‘ಚೆನ್ನಾಗಿದೆ’ ಅನ್ನೋದಕ್ಕಿಂತ ಅದನ್ನು ನಂಬಬಹುದು. ಆದರೆ ಅವರ ಬ್ಲೌಸೆಲ್ಲ ಮುಗಿದ ಮೇಲೆ ಏನು ಮಾಡ್ತೀರಿ?

ದಪ್ಪಹಿಡಿ:

ಲೆಕ್ಕದವರ ಪ್ರಶ್ನೆ ಸರಿ. ನಾನು ಪ್ರಾಡಕ್ಟ್ ಡಿಸೈನ್ ಪಾಠ ಮಾಡುವವಳು. ಇದೇ ಹೆಬ್ಬೆರಳಿನ ಒಂದು ಕತೆ ಹೇಳುತ್ತೇನೆ. ಅಮೆರಿಕದಲ್ಲಿ ಸ್ಯಾಮ್ ಫಾರ್ಬರ್ ಅಂತ ಇದ್ದರು, ಅಡುಗೆ ಸಾಮಾನು ಮಾರಿ ನಿವೃತ್ತರಾದವರು. ಅವರ ಹೆಂಡತಿ ಬೆಟ್ಸಿಗೆ ಸಂಧಿವಾತ. ಸಿಪ್ಪೆ ತೆಗೆಯುವ ಪೀಲರ್‌ನ ತೆಳು ಲೋಹದ ಹಿಡಿ ಹಿಡಿಯಲು ಒದ್ದಾಡುತ್ತಿದ್ದರು. ಅದನ್ನು ನೋಡಿ ದಪ್ಪ, ಮೆತ್ತನೆ ರಬ್ಬರ್ ಹಿಡಿಯ ಪೀಲರ್ ಮಾಡಿಸಿದರು. 1990ರಲ್ಲಿ ಆಕ್ಸೊ ಅನ್ನುವ ಹೆಸರಿನಲ್ಲಿ ಬಂತು. ಅದನ್ನು ಕೊಂಡವರು ಸಂಧಿವಾತದವರು ಮಾತ್ರ ಅಲ್ಲ. ಒದ್ದೆ ಕೈಯಲ್ಲಿ ಆಲೂಗಡ್ಡೆ ಹೆರೆಯುವ ಎಲ್ಲರೂ ಕೊಂಡರು.

ಹಾಗಾಗಿ ನಾನಾದರೆ ಕೇಳೋದು ಒಂದೇ. ಅಜ್ಜಿಯರಲ್ಲದೆ ಬೇರೆ ಯಾರಿಗಾದರೂ ಆ ಹುಕ್ಕು ಹಿಡಿಸಿದೆಯಾ? ಹಿಡಿಸಿದ್ದರೆ ದಾರಿ ಅಲ್ಲಿದೆ. ಇಲ್ಲದಿದ್ದರೆ ಮೂವತ್ತು ಬ್ಲೌಸಿಗೇ ನಿಲ್ಲಬಹುದು. ನಿಂತರೂ ತಪ್ಪೇನಿಲ್ಲ.

ಎಂಟನೇಕ್ರಾಸ್:

ಸರಿ ಮೇಡಂ, ಆದರೆ ಹತ್ತು ನಿಮಿಷಕ್ಕೆ ಮನೆಗೆ ಎಲ್ಲ ಬರೋ ಕಾಲದಲ್ಲಿ ಮ್ಯಾಚಿಂಗ್ ಸೆಂಟರ್ ಎಷ್ಟು ದಿನ? ಮಗಳು ಆ್ಯಪ್ ಮಾಡಲಿ.

ಸರ್ಚ್‌ಬಾಕ್ಸ್:

ರಾಮಾ ಗ್ರೀನ್ ನಾಲ್ಕು ಶೇಡ್ ಅಂತ ಮೇಲೆ ಓದಿದಿರಲ್ಲ. ಹತ್ತು ನಿಮಿಷದಲ್ಲಿ ತಪ್ಪು ಶೇಡ್ ತಂದುಕೊಡಬಹುದು 🙂

ಬಾಬಿನ್_ಮಗಳು:

ದಪ್ಪಹಿಡಿ ಮೇಡಂ, ನಿಮ್ಮ ಪ್ರಶ್ನೆ ಓದಿ ಅಮ್ಮನನ್ನು ಕೇಳಿದೆ. ಬಾಣಂತಿ ಒಬ್ಬರು ಕೇಳಿದ್ದರಂತೆ, ಒಂದು ಕೈಯಲ್ಲಿ ಮಗು ಹಿಡಿದುಕೊಂಡು ಹಾಕಿ ತೆಗೆಯುವ ಹಾಗಿರಬೇಕು ಅಂತ. ಅಮ್ಮ ಅವರಿಗೂ ಇದನ್ನೇ ಕೊಟ್ಟರು. ಆದರೆ ಮಗುವಿನ ಕೆನ್ನೆಗೆ ಹುಕ್ಕಿನ ಅಂಚು ತಗುಲುತ್ತೆ ಅಂತ ಎರಡೇ ದಿನಕ್ಕೆ ವಾಪಸ್. ಮೇಲೆ ಬಟ್ಟೆಯ ಮುಚ್ಚಳ ಹೊಲಿದರೆ ಆಗಬಹುದು, ಇನ್ನೂ ಮಾಡಿಲ್ಲ. ಬಲಗೈಗೆ ಪ್ಲಾಸ್ಟರ್ ಹಾಕಿದ್ದ ಒಬ್ಬರು ಮಾತ್ರ ಎರಡು ಬ್ಲೌಸಿಗೆ ಹಾಕಿಸಿಕೊಂಡು, ಪ್ಲಾಸ್ಟರ್ ಬಿಚ್ಚಿದ ಮೇಲೂ ತೆಗೆಸಲಿಲ್ಲ.

ಕಾಲೇಜಿಗೆ ಇದನ್ನೇ ಕೊಡಲಾ, ಮುಚ್ಚಳದ ಸ್ಯಾಂಪಲ್ ಆಗೋವರೆಗೆ ಕಾಯಲಾ ಗೊತ್ತಾಗ್ತಿಲ್ಲ. ಅಮ್ಮನಿಗೆ ಕಾಲೇಜಿನ ಚಿಂತೆ ಇಲ್ಲ. ಅವರಿಗೆ ಆ ಕೆನ್ನೆಯ ಚಿಂತೆ.

ಗಲ್ಲಾಪೆಟ್ಟಿಗೆ:

ಮುಚ್ಚಳಕ್ಕೆ ಹಳೇ ಹತ್ತಿ ಬಟ್ಟೆ ಹಾಕಿ. ಹೊಸದು ಮಗುವಿಗೆ ಒರಟು.

ರಾಮಾಗ್ರೀನ್_ರಾಧೆ:

ನಿನ್ನೆ ಅಂಗಡಿ ಹುಡುಕಿಕೊಂಡು ಬಂದಿದ್ದೆ. ಬಿಸಿಲಲ್ಲಿ ಹಿಡಿದು ನೋಡಿದೆ, ನಿಜ, ಮೂರನೇ ಶೇಡ್ ಸರಿಹೋಯಿತು. ಕುಚ್ಚು ಮಾತ್ರ ಇಲ್ಲ ಅಂದರು. ನನ್ನ ಎದುರಿಗೇ ಕ್ಯಾಲೆಂಡರ್‌ನಲ್ಲಿ ಏನೋ ಬರೆದರು!

ಬಾಬಿನ್_ಮಗಳು:

ನೋಡಿದೆ. ನಿನ್ನೆಯ ಮನೆಯಲ್ಲಿ ಎರಡು ಇದೆ. ‘ಕುಚ್ಚು’. ಅದರ ಕೆಳಗೆ ‘ಎಡಗೈ ಕತ್ತರಿ’. ಕತ್ತರಿ ಯಾರಿಗೆ, ಯಾತಕ್ಕೆ ಅಂತ ಕೇಳಿದ್ಯಾ ಅಮ್ಮ ಎಂದೆ. “ಗಿರಾಕಿ ಜಾಸ್ತಿ ಇದ್ರು ಕಣೇ, ಮರೆತೆ” ಎಂದರು.